ಹನ್ನೊಂದು ಪಟ್ಟು ದೊಡ್ಡ ಕಂಪನಿಯ ಪಕ್ಕದಲ್ಲಿ ಚಿಕ್ಕ ಕಂಪನಿ: ಹೋಲಿಸುವುದು ಹೇಗೆ?

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಹಣಕಾಸು ತಃಖ್ತೆಗಳ ವಿಶ್ಲೇಷಣೆ ಎಂಬ ಅಧ್ಯಾಯ ಬಂದಾಗ ಹೆಚ್ಚಿನವರು ಅದನ್ನು ಸುಲಭದ ಅಂಕಗಳ ಪಾಠ ಎಂದುಕೊಳ್ಳುತ್ತಾರೆ. ಭಾಗಿಸು, ನೂರರಿಂದ ಗುಣಿಸು, ಕಾಲಂನಲ್ಲಿ ಬರೆ, ಮುಗಿಯಿತು. ಪರೀಕ್ಷೆಯಲ್ಲಿ ಎಕ್ಸ್ ಲಿಮಿಟೆಡ್, ವೈ ಲಿಮಿಟೆಡ್ ಎಂದು ಕೊಡುವುದರಿಂದ ಆ ಶೇಕಡಾವಾರು ಏನು ಹೇಳುತ್ತದೆ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಈ ಸಲ ಎಕ್ಸ್, ವೈ ಬಿಟ್ಟು ಬೆಂಗಳೂರಿನ ಎರಡು ನಿಜವಾದ ಕಂಪನಿಗಳನ್ನು ತೆಗೆದುಕೊಳ್ಳೋಣ. ಒಂದು ಇನ್ಫೋಸಿಸ್, ಇನ್ನೊಂದು ಮೈಂಡ್‌ಟ್ರೀ. ಎರಡರ ಕೆಲಸವೂ ಒಂದೇ, ಹೊರದೇಶದ ಗ್ರಾಹಕರಿಗೆ ಸಾಫ್ಟ್‌ವೇರ್ ಸೇವೆ ಕೊಡುವುದು. ಗಾತ್ರದಲ್ಲಿ ಮಾತ್ರ ಆನೆಗೂ ಆಡಿಗೂ ಇರುವಷ್ಟು ಅಂತರ.

ಎರಡೂ ಕಂಪನಿಗಳ ಕ್ರೋಡೀಕೃತ ಲಾಭ-ನಷ್ಟ ತಃಖ್ತೆಯಿಂದ ನಾಲ್ಕು ವರ್ಷಗಳ ಎರಡೇ ಸಾಲುಗಳನ್ನು ಇಲ್ಲಿ ಕೊಟ್ಟಿದೆ. ಮೊತ್ತಗಳು ಕೋಟಿ ರೂಪಾಯಿಗಳಲ್ಲಿವೆ.

| ವರ್ಷ | ಇನ್ಫೋಸಿಸ್ ಆದಾಯ | ಇನ್ಫೋಸಿಸ್ ನಿವ್ವಳ ಲಾಭ | ಮೈಂಡ್‌ಟ್ರೀ ಆದಾಯ | ಮೈಂಡ್‌ಟ್ರೀ ನಿವ್ವಳ ಲಾಭ |
|---|---|---|---|---|
| 2018-19 | 82,675 | 15,404 | 7,022 | 754 |
| 2019-20 | 90,791 | 16,594 | 7,764 | 631 |
| 2020-21 | 1,00,472 | 19,351 | 7,968 | 1,110 |
| 2021-22 | 1,21,641 | 22,110 | 10,525 | 1,653 |

ಕೊನೆಯ ಸಾಲನ್ನೇ ನೋಡಿ. ಒಬ್ಬರ ಲಾಭ 22,110 ಕೋಟಿ, ಇನ್ನೊಬ್ಬರದು 1,653 ಕೋಟಿ. ಇನ್ಫೋಸಿಸ್ ದೊಡ್ಡದು ಎನ್ನುವುದನ್ನು ಬಿಟ್ಟರೆ ಇದರಿಂದ ನಮಗೆ ಏನೂ ತಿಳಿಯಲಿಲ್ಲ, ಅದು ಮೊದಲೇ ಗೊತ್ತಿತ್ತು. ನಮಗೆ ಬೇಕಾದ ಪ್ರಶ್ನೆ ಬೇರೆ: ಗ್ರಾಹಕ ಕೊಟ್ಟ ಪ್ರತಿ ನೂರು ರೂಪಾಯಿಯಲ್ಲಿ ಯಾರ ಕೈಯಲ್ಲಿ ಎಷ್ಟು ಉಳಿಯಿತು? ಸಾಮಾನ್ಯ ಗಾತ್ರದ ತಃಖ್ತೆ, ಅಂದರೆ ತರಗತಿಯಲ್ಲಿ ನಾವು ಕಾಮನ್ ಸೈಜ್ ಸ್ಟೇಟ್‌ಮೆಂಟ್ ಎಂದು ಕರೆಯುವುದು, ಇರುವುದು ಇದಕ್ಕಾಗಿ. ಲಾಭ-ನಷ್ಟ ತಃಖ್ತೆಯಲ್ಲಿ ಕಾರ್ಯಾಚರಣೆಯಿಂದ ಬಂದ ಆದಾಯವನ್ನು 100 ಎಂದು ಇಟ್ಟುಕೊಂಡು ಉಳಿದ ಪ್ರತಿ ಸಾಲನ್ನೂ ಅದರ ಶೇಕಡಾವಾರಾಗಿ ಬರೆಯುತ್ತೇವೆ. ಆಢಾವೆ ಪತ್ರಿಕೆಯಲ್ಲಾದರೆ ಒಟ್ಟು ಆಸ್ತಿಯೇ 100.

ಹಾಗೆ ಮಾಡಿದರೆ 2021-22ರಲ್ಲಿ ಇನ್ಫೋಸಿಸ್‌ಗೆ ನೂರಕ್ಕೆ 18.2 ರೂಪಾಯಿ ಉಳಿದಿದೆ, ಮೈಂಡ್‌ಟ್ರೀಗೆ 15.7. ಲಾಭದ ಮೊತ್ತದಲ್ಲಿ ಹದಿಮೂರು ಪಟ್ಟಿಗೂ ಮೀರಿದ ಅಂತರವಿದ್ದ ಎರಡು ಕಂಪನಿಗಳು ಇಲ್ಲಿ ಎರಡೂವರೆ ರೂಪಾಯಿಯ ಅಂತರಕ್ಕೆ ಬಂದು ನಿಂತವು. ಇನ್ನು ಮೂರು ವರ್ಷ ಹಿಂದೆ ಹೋಗಿ. 2018-19ರಲ್ಲಿ ಇನ್ಫೋಸಿಸ್ 18.6, ಮೈಂಡ್‌ಟ್ರೀ 10.7. ದೊಡ್ಡದು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ, ಚಿಕ್ಕದು ಐದು ರೂಪಾಯಿ ಮೇಲೆ ಬಂದಿದೆ. ಕೋಟಿಗಳ ಕಾಲಂನಲ್ಲಿ ಈ ಸಂಗತಿ ಎಲ್ಲೂ ಕಣ್ಣಿಗೆ ಬೀಳುವುದಿಲ್ಲ.

ಭಾಗಿಸುವ ಮೊದಲು ಒಂದು ವಿಷಯ ಗಮನದಲ್ಲಿರಲಿ. ಎರಡೂ ಕಂಪನಿಗೆ ಒಂದೇ ಛೇದ ಇರಬೇಕು. ಇನ್ಫೋಸಿಸ್‌ಗೆ ಆ ವರ್ಷ ಬಡ್ಡಿ ಮುಂತಾದ ಇತರ ಆದಾಯ 2,295 ಕೋಟಿ ಇತ್ತು. ಅದನ್ನೂ ಸೇರಿಸಿ ಒಟ್ಟು ಆದಾಯದಿಂದ ಭಾಗಿಸಿದರೆ 18.2 ಬದಲು 17.8 ಬರುತ್ತದೆ. ಒಂದಕ್ಕೆ ಕಾರ್ಯಾಚರಣೆಯ ಆದಾಯ, ಇನ್ನೊಂದಕ್ಕೆ ಒಟ್ಟು ಆದಾಯ ಹಿಡಿದರೆ ಇಲ್ಲದ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ. ಒಂದರ ಕ್ರೋಡೀಕೃತ ತಃಖ್ತೆಯನ್ನು ಇನ್ನೊಂದರ ಏಕಾಂಗಿ ತಃಖ್ತೆಯ ಪಕ್ಕದಲ್ಲಿ ಇಡುವುದೂ ಇಂಥದೇ ತಪ್ಪು. ವಾರ್ಷಿಕ ವರದಿಯಲ್ಲಿ ಎರಡೂ ಇರುತ್ತವೆ, ತಲೆಬರಹ ಓದದೆ ಪುಟ ತಿರುಗಿಸಿದರೆ ಎಡವುವುದು ಇಲ್ಲೇ.

ಈಗ ವೆಚ್ಚದ ಸಾಲುಗಳಿಗೆ ಬರೋಣ. ಈ ತಃಖ್ತೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸುವ ಭಾಗ ಇದೇ, ಮೋಸ ಹೋಗುವ ಜಾಗವೂ ಇದೇ. ಇನ್ಫೋಸಿಸ್‌ನ ನೌಕರರ ವೆಚ್ಚ 2020-21ರಲ್ಲಿ 55,541 ಕೋಟಿ, ಮರುವರ್ಷ 63,986 ಕೋಟಿ. ರೂಪಾಯಿಯಲ್ಲಿ ಏರಿದೆ. ಆದರೆ ಆದಾಯದ ಶೇಕಡಾವಾರು 55.3ರಿಂದ 52.6ಕ್ಕೆ ಇಳಿದಿದೆ. ಉತ್ತರಪತ್ರಿಕೆಯಲ್ಲಿ ಇದಕ್ಕೆ ನಾವು ಬರೆಯುವ ವ್ಯಾಖ್ಯಾನ ಸಿದ್ಧವಾಗಿಯೇ ಇದೆ: ಕಂಪನಿ ಸಂಬಳದ ವೆಚ್ಚವನ್ನು ಹತೋಟಿಗೆ ತಂದಿದೆ.

ಸ್ವಲ್ಪ ತಾಳಿ, ಅದರ ಕೆಳಗಿನ ಸಾಲುಗಳನ್ನು ನೋಡಿ. ತಾಂತ್ರಿಕ ಉಪಗುತ್ತಿಗೆದಾರರಿಗೆ ಕೊಟ್ಟ ಮೊತ್ತ 7,084 ಕೋಟಿಯಿಂದ 12,606 ಕೋಟಿಗೆ ಏರಿದೆ, ಅಂದರೆ ಶೇ. 7.1ರಿಂದ ಶೇ. 10.4ಕ್ಕೆ. ಎರಡು ಸಾಲುಗಳನ್ನೂ ಕೂಡಿಸಿ. ಮೊದಲ ವರ್ಷ 62.3, ಎರಡನೆಯ ವರ್ಷ 63.0. ಕೆಲಸ ಮಾಡುವ ಜನರಿಗಾಗಿ ಮಾಡಿದ ವೆಚ್ಚ ಇಳಿದೇ ಇಲ್ಲ, ಕೊಂಚ ಏರಿದೆ. ಸ್ವಂತ ನೌಕರರ ಸಾಲಿನಲ್ಲಿ ಕಡಿಮೆಯಾದದ್ದು ಹೊರಗಿನಿಂದ ಕರೆಸಿಕೊಂಡವರ ಸಾಲಿನಲ್ಲಿ ಹೆಚ್ಚಾಗಿದೆ, ಅಷ್ಟೆ. ಬೇರೆ ಕಂಪನಿ ಇದೇ ವೆಚ್ಚವನ್ನು ಇತರ ವೆಚ್ಚಗಳ ಒಳಗೆ ಸೇರಿಸಿ ತೋರಿಸಬಹುದು. ಆಗ ಲೆಕ್ಕಪತ್ರದ ಟಿಪ್ಪಣಿಗಳಿಗೆ ಹೋಗಿ ಅದನ್ನು ಹುಡುಕಿ ತೆಗೆಯಬೇಕು, ಇಲ್ಲವಾದರೆ ಎರಡು ಕಂಪನಿಗಳ ನೌಕರರ ವೆಚ್ಚವನ್ನು ಹೋಲಿಸುವುದಕ್ಕೆ ಅರ್ಥವಿಲ್ಲ. ಒಂದು ಸಾಲಿನ ಶೇಕಡಾವಾರು ಇಳಿದಾಗ ಅದು ಯಾವ ಸಾಲಿಗೆ ಹೋಯಿತು ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ, ಏಕೆಂದರೆ ಕಾಲಂನ ಮೊತ್ತ ಯಾವಾಗಲೂ ನೂರರ ಲೆಕ್ಕಕ್ಕೇ ಬರಬೇಕು.

ಪ್ರಯಾಣ ವೆಚ್ಚದ ಸಾಲಿನಲ್ಲಿ ಇನ್ನೊಂದು ಕತೆ ಇದೆ. ಇನ್ಫೋಸಿಸ್ 2019-20ರಲ್ಲಿ ಪ್ರಯಾಣಕ್ಕೆ 2,710 ಕೋಟಿ ಖರ್ಚು ಮಾಡಿತ್ತು, ಮರುವರ್ಷ ಕೇವಲ 554 ಕೋಟಿ. ಕೊರೊನಾ ಕಾಲದಲ್ಲಿ ವಿಮಾನಗಳೇ ಹಾರಲಿಲ್ಲ. ನೂರು ರೂಪಾಯಿಯಲ್ಲಿ 3 ರೂಪಾಯಿ ಇದ್ದ ವೆಚ್ಚ ಸುಮಾರು 55 ಪೈಸೆಗೆ ಬಂತು. ಆ ವರ್ಷ ನಿವ್ವಳ ಲಾಭ 18.3ರಿಂದ 19.3ಕ್ಕೆ ಏರಿದ್ದರಲ್ಲಿ ಇದರ ಪಾಲು ದೊಡ್ಡದು. ಅದನ್ನು ಆಡಳಿತದ ಜಾಣ್ಮೆ ಎಂದು ಬರೆದರೆ ಅಂಕ ಸಿಗಬಹುದು, ಆದರೆ ಅದು ಸತ್ಯದ ಅರ್ಧವೂ ಅಲ್ಲ.

ಸಾಮಾನ್ಯ ಗಾತ್ರದ ತಃಖ್ತೆ ಒಂದು ವರ್ಷದ ಒಳಗಿನ ಹಂಚಿಕೆಯನ್ನು ತೋರಿಸುತ್ತದೆ. ಯಾರು ಎಷ್ಟು ವೇಗವಾಗಿ ಬೆಳೆದರು ಎನ್ನುವುದನ್ನು ಅದು ಹೇಳದು. ಅದಕ್ಕೆ ಪ್ರವೃತ್ತಿ ವಿಶ್ಲೇಷಣೆ ಬೇಕು. ಇಲ್ಲಿ ಒಂದು ವರ್ಷವನ್ನು ಆಧಾರ ವರ್ಷವಾಗಿ ಹಿಡಿದು ಆ ವರ್ಷದ ಮೊತ್ತವನ್ನು 100 ಎನ್ನುತ್ತೇವೆ, ಮುಂದಿನ ಪ್ರತಿ ವರ್ಷದ ಮೊತ್ತವನ್ನು ಅದರಿಂದಲೇ ಭಾಗಿಸುತ್ತೇವೆ. 2018-19 ಆಧಾರವಾದರೆ 2021-22ರ ಆದಾಯ ಇನ್ಫೋಸಿಸ್‌ಗೆ 147, ಮೈಂಡ್‌ಟ್ರೀಗೆ 150. ಗಾತ್ರದಲ್ಲಿ ಹನ್ನೊಂದು ಪಟ್ಟಿಗಿಂತ ಹೆಚ್ಚು ಅಂತರವಿದ್ದರೂ ಮೂರು ವರ್ಷಗಳ ನಡಿಗೆ ಬಹುತೇಕ ಸಮ. ನಡುವಿನ ವರ್ಷಗಳಲ್ಲಿ ಮಾತ್ರ ಹೆಜ್ಜೆ ಬೇರೆ: 2020-21ರಲ್ಲಿ ಇನ್ಫೋಸಿಸ್ 122 ಆಗಿದ್ದಾಗ ಮೈಂಡ್‌ಟ್ರೀ 113ರಲ್ಲಿ ತಡೆದು ನಿಂತಿತ್ತು.

ಲಾಭದಲ್ಲಿ ಚಿತ್ರ ಬೇರೆಯಾಗುತ್ತದೆ. ಇನ್ಫೋಸಿಸ್ 144, ಮೈಂಡ್‌ಟ್ರೀ 219. ಈಗ ಆಧಾರ ವರ್ಷವನ್ನು ಒಂದೇ ಒಂದು ವರ್ಷ ಮುಂದೆ ಸರಿಸಿ, 2019-20 ಎಂದು ಇಟ್ಟುಕೊಳ್ಳಿ. ಇನ್ಫೋಸಿಸ್ 133 ಆಗುತ್ತದೆ. ಮೈಂಡ್‌ಟ್ರೀ 262ಕ್ಕೆ ಜಿಗಿಯುತ್ತದೆ! ಕಂಪನಿ ಅದೇ, ಕೊನೆಯ ವರ್ಷದ ಲಾಭವೂ ಅದೇ 1,653 ಕೋಟಿ. ಬದಲಾಗಿದ್ದು ಅಳೆಯಲು ಹಿಡಿದ ಜಾಗ ಮಾತ್ರ. 2019-20ರಲ್ಲಿ ಮೈಂಡ್‌ಟ್ರೀ ಲಾಭ 754ರಿಂದ 631 ಕೋಟಿಗೆ ಕುಸಿದಿತ್ತು. ಲಾರ್ಸೆನ್ ಅಂಡ್ ಟೂಬ್ರೊ ಕಂಪನಿಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ಸ್ಥಾಪಕರು ಹೊರನಡೆದ ವರ್ಷ ಅದು. ಕುಸಿತಕ್ಕೆ ಕಾರಣಗಳು ಏನೇ ಇರಲಿ, ಹಳ್ಳದಲ್ಲಿ ನಿಂತು ಅಳೆದರೆ ಸಮತಟ್ಟು ನೆಲವೂ ಗುಡ್ಡವಾಗಿ ಕಾಣುತ್ತದೆ. ಆಧಾರ ವರ್ಷ ಸಾಮಾನ್ಯ ವರ್ಷವೇ ಎಂದು ತಿಳಿಯಲು ಸುಲಭದ ಉಪಾಯವೆಂದರೆ ಅದರ ಲಾಭದ ಶೇಕಡಾವಾರನ್ನು ಹಿಂದಿನ ಮುಂದಿನ ವರ್ಷಗಳ ಜೊತೆ ಇಟ್ಟು ನೋಡುವುದು. ಮೈಂಡ್‌ಟ್ರೀಯದು ಕ್ರಮವಾಗಿ 10.7, 8.1, 13.9. ನಡುವಿನದು ಬಿದ್ದಿರುವುದು ತಕ್ಷಣ ಗೊತ್ತಾಗುತ್ತದೆ.

ಆದ್ದರಿಂದಲೇ ಈ ಎರಡು ಉಪಕರಣಗಳನ್ನು ಬೇರೆ ಬೇರೆ ಪ್ರಶ್ನೆಗಳೆಂದು ಕಲಿಯಬಾರದು. ಪ್ರವೃತ್ತಿಯ 219 ಮಾತ್ರ ನೋಡಿದವನು ಮೈಂಡ್‌ಟ್ರೀ ಇನ್ಫೋಸಿಸ್‌ಗಿಂತ ಹೆಚ್ಚು ಲಾಭದಾಯಕ ಎಂದುಕೊಳ್ಳುತ್ತಾನೆ. ಆದರೆ ಅಷ್ಟು ಏರಿದ ಮೇಲೂ ಅದು ತಲುಪಿದ್ದು 15.7, ಇನ್ಫೋಸಿಸ್‌ನ 18.2ಕ್ಕಿಂತ ಕೆಳಗೇ. ಕೆಳಗಿನಿಂದ ಹೊರಟವನ ಏರಿಕೆ ಯಾವಾಗಲೂ ದೊಡ್ಡ ಅಂಕಿಯಾಗಿ ಕಾಣುತ್ತದೆ.

ಶೇಕಡಾವಾರು ಮಾಡಿದ ಕೂಡಲೇ ಗಾತ್ರ ಮಾಯವಾಗುತ್ತದೆ ನಿಜ, ಆದರೆ ಅದು ಮಾಯವಾಗುವುದು ಕಾಗದದ ಮೇಲೆ ಮಾತ್ರ. 2021-22ರಲ್ಲಿ ಇನ್ಫೋಸಿಸ್ ಆದಾಯದ ಶೇ. 1 ಎಂದರೆ 1,216 ಕೋಟಿ, ಮೈಂಡ್‌ಟ್ರೀಯದು 105 ಕೋಟಿ. ಮೈಂಡ್‌ಟ್ರೀಯ ಇಡೀ ವರ್ಷದ ಲಾಭ ಇನ್ಫೋಸಿಸ್ ಆದಾಯದ ಒಂದೂವರೆ ಶೇಕಡಾಕ್ಕೂ ಸಮವಲ್ಲ. ಒಬ್ಬ ದೊಡ್ಡ ಗ್ರಾಹಕ ಕೈಬಿಟ್ಟರೆ ಆಗುವ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಇಬ್ಬರಿಗೂ ಒಂದೇ ಅಲ್ಲ. ಇದನ್ನು ಯಾವ ಶೇಕಡಾವಾರೂ ತೋರಿಸುವುದಿಲ್ಲ, ಅದಕ್ಕಾಗಿ ಕೋಟಿಗಳ ಕಾಲಂ ಅಳಿಸದೆ ಪಕ್ಕದಲ್ಲೇ ಇರಬೇಕು.

ಇನ್ನೊಂದು ತೊಡಕು ಈ ಜೋಡಿಯಲ್ಲೇ ಇದೆ. 2022ರ ನವೆಂಬರ್‌ನಲ್ಲಿ ಮೈಂಡ್‌ಟ್ರೀ, ಎಲ್ ಅಂಡ್ ಟಿ ಇನ್ಫೋಟೆಕ್ ಜೊತೆ ವಿಲೀನವಾಗಿ ಎಲ್‌ಟಿಐಮೈಂಡ್‌ಟ್ರೀ ಆಯಿತು. ಹೊಸ ಕಂಪನಿಯ 2022-23ರ ಆದಾಯ 33,183 ಕೋಟಿ. ಇದನ್ನು ಹಳೆಯ ಸಾಲಿಗೆ ಜೋಡಿಸಿದರೆ ಪ್ರವೃತ್ತಿಯ ಅಂಕಿ 150ರಿಂದ ನೇರವಾಗಿ 473ಕ್ಕೆ ಹೋಗುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಆ ಅಂಕಿ ಬೆಳವಣಿಗೆಯದ್ದಲ್ಲ, ಎರಡು ಕಂಪನಿಗಳು ಒಂದಾದದ್ದರದ್ದು. ಇಂಥ ಸಂದರ್ಭದಲ್ಲಿ ಹಳೆಯ ಸರಣಿಯನ್ನು ಅಲ್ಲಿಗೇ ನಿಲ್ಲಿಸಬೇಕು. ವಿಲೀನ ಮೊದಲೇ ಆಗಿದ್ದರೆ ಎಂಬ ಲೆಕ್ಕದಲ್ಲಿ ಕಂಪನಿ ತನ್ನ ವರದಿಯಲ್ಲಿ ಹಿಂದಿನ ವರ್ಷವನ್ನು ಮರುನಿರೂಪಿಸಿ 26,109 ಕೋಟಿ ಎಂದು ತೋರಿಸಿದೆ. 2021-22ರ ಆ ಮೊತ್ತವನ್ನು ಹೊಸ ಆಧಾರವಾಗಿ ಹಿಡಿದರೆ 2022-23ಕ್ಕೆ ಎಲ್‌ಟಿಐಮೈಂಡ್‌ಟ್ರೀ 127 ಆಗುತ್ತದೆ. ಅದೇ ವರ್ಷ 1,46,767 ಕೋಟಿ ಆದಾಯ ಗಳಿಸಿದ ಇನ್ಫೋಸಿಸ್ ಅದೇ ಆಧಾರದ ಮೇಲೆ 121.