ನಾಲ್ಕೂವರೆ ಗಂಟೆಯ ಅಲಾರಾಂ ಮತ್ತು ಕಾಲಿನ ನೋವು

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಹೈಸ್ಕೂಲ್ ಮಕ್ಕಳಿಗೆ ವಾಲಿಬಾಲ್ ಆಡಿಸುವ ಮೇಷ್ಟ್ರು ನಾನು. ಇವತ್ತು ಒಬ್ಬ ಹುಡುಗನ ಕಥೆ ಹೇಳ್ತೀನಿ. ಹೆಸರು ಬೇಡ. ಹತ್ತನೇ ಕ್ಲಾಸು, ಒಳ್ಳೆ ಅಟ್ಯಾಕರ್. ಜನವರಿಯಲ್ಲಿ ಒಂದಿನ ಬಂದು, "ಸಾರ್, ಹಾರಿದ್ರೆ ಮೊಣಕಾಲಿನ ಕೆಳಗೆ, ಮೂಳೆ ಮೇಲೆ ನೋವು" ಅಂದ. ಬೂಟು ನೋಡಿದೆ, ನೆಲ ನೋಡಿದೆ. ಕೊನೆಗೆ ಕೇಳಿದೆ, "ರಾತ್ರಿ ಎಷ್ಟೊತ್ತಿಗೆ ಮಲಗ್ತೀಯ?"

ಅವನ ದಿನ ಹೀಗಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಅಲಾರಾಂ, ಆರೂವರೆ ತನಕ ಓದು. ಏಳೂವರೆ ಬಸ್ಸು, ಎಂಟೂಕಾಲಿಗೆ ವಿಶೇಷ ತರಗತಿ. ಸಂಜೆ ನಾಲ್ಕೂವರೆಯಿಂದ ಆರೂವರೆ ತನಕ ಅಭ್ಯಾಸ. ಮನೆ ಸೇರುವಾಗ ಏಳೂಮುಕ್ಕಾಲು. ಊಟ ಮುಗಿಸಿ ಹನ್ನೊಂದೂಕಾಲರ ತನಕ ಮತ್ತೆ ಓದು. ನಿದ್ದೆ ಹತ್ತುವಾಗ ಹನ್ನೊಂದೂವರೆ. ಲೆಕ್ಕ ಹಾಕಿದರೆ ಐದು ಗಂಟೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಅಂದ್ರೆ ದಿನಾ ಮೂರು ಗಂಟೆ ಸಾಲ.

ಈ ಸಾಲಕ್ಕೂ ಕಾಲಿಗೂ ಏನು ಸಂಬಂಧ? ಹಾರಿ ಇಳಿದಾಗಲೆಲ್ಲ ಮೂಳೆ, ಸ್ನಾಯುಗಳಿಗೆ ಸಣ್ಣ ಪೆಟ್ಟು ಬೀಳುತ್ತೆ. ಅದು ಆಟದ ಭಾಗವೇ. ಆ ಪೆಟ್ಟು ಸರಿಹೋಗಲು ವಿಶ್ರಾಂತಿ, ಊಟ, ನಿದ್ದೆ ಮೂರೂ ಬೇಕು. ಅಭ್ಯಾಸ ಅಷ್ಟೇ ಇದ್ದು ನಿದ್ದೆ ಕಡಿಮೆಯಾದರೆ ರಿಪೇರಿ ಹಿಂದೆ ಬೀಳುತ್ತೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 112 ಶಾಲಾ ಕ್ರೀಡಾಪಟುಗಳನ್ನು ನೋಡಿದ್ದರು. 8 ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯದ ಸಾಧ್ಯತೆ 1.7 ಪಟ್ಟು ಹೆಚ್ಚಿತ್ತು. ಅದು ಒಂದೇ ಶಾಲೆಯ ಮಕ್ಕಳ ಲೆಕ್ಕ, ನಿದ್ದೆಯೇ ಕಾರಣ ಅಂತ ಸಾಬೀತು ಮಾಡಿದ್ದಲ್ಲ. ಆದರೂ ತಳ್ಳಿಹಾಕುವ ಮಾತೂ ಅಲ್ಲ.

ಮೊದಲು ಅವನನ್ನು ಡಾಕ್ಟರ ಹತ್ರ ಕಳಿಸಿದೆ. ಬೆರಳಲ್ಲಿ ಒತ್ತಿದಾಗ ಮೂಳೆಯ ಒಂದೇ ಜಾಗದಲ್ಲಿ ಚುರುಕ್ ಅಂದರೆ, ಸುಮ್ಮನೆ ಕೂತಾಗಲೂ ನೋವಿದ್ದರೆ, ಸಣ್ಣ ಬಿರುಕು ಇರಬಹುದು. ಅದನ್ನು ಎಣ್ಣೆ ತಿಕ್ಕಿ ಆಡಿಸಬಾರದು. ಇವನಿಗೆ ಬಿರುಕು ಇರಲಿಲ್ಲ. ಎರಡು ವಾರ ಹಾರೋದು ಬಂದ್ ಅಂದರು.

ಆಮೇಲೆ ಮನೆಗೆ ಹೋದೆ. ಅಜ್ಜ ಒಪ್ಪಲಿಲ್ಲ. "ಬೆಳಗಿನ ಜಾವ ಓದಿದ್ದೇ ಅಲ್ವಾ ಮೇಷ್ಟ್ರೇ ತಲೇಲಿ ನಿಲ್ಲೋದು?" ಅಂದರು. ಒಂಬತ್ತಕ್ಕೆ ಮಲಗುವ ಅಜ್ಜನಿಗೆ ಆ ಮಾತು ಸರಿ. ಆದರೆ ಹದಿಹರೆಯದಲ್ಲಿ ದೇಹದ ಗಡಿಯಾರ ತಡವಾಗುತ್ತೆ, ಹೇಳಿದರೂ ಬೇಗ ನಿದ್ದೆ ಹತ್ತಲ್ಲ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ, ಕನಸಿನ ನಿದ್ದೆ ಹೆಚ್ಚಾಗಿ ಬೆಳಗಿನ ಜಾವ. ಓದಿದ್ದು ಗಟ್ಟಿಯಾಗೋದಕ್ಕೆ ಎರಡೂ ಬೇಕು. ನಾಲ್ಕೂವರೆ ಅಲಾರಾಂ ಕತ್ತರಿಸೋದು ಆ ಕೊನೆಯ ಭಾಗವನ್ನೇ. ಅಮ್ಮನೇ ಹೇಳಿದರು, "ಬೆಳಿಗ್ಗೆ ಒಂದೇ ಪುಟ ಮೂರು ಸಲ ತಿರುಗಿಸ್ತಾನೆ ಸಾರ್."

ನಾವು ಬದಲಾಯಿಸಿದ್ದು ಇಷ್ಟು. ಎರಡು ವಾರ ಕಳೆದ ಮೇಲೆ ಅಭ್ಯಾಸ ವಾರಕ್ಕೆ ಮೂರು ದಿನ, ಒಂದೂಕಾಲು ಗಂಟೆ. ಜೋರು ಕಡಿಮೆ ಮಾಡಲಿಲ್ಲ, ಪ್ರಮಾಣ ಮಾತ್ರ ಇಳಿಸಿದ್ವಿ. ತೀವ್ರತೆ ಉಳಿದರೆ ಕೆಲವು ವಾರ ಕಸುವು ಅಷ್ಟಾಗಿ ಹೋಗಲ್ಲ. ಉಳಿದ ದಿನ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ, ಐದೂವರೆಗೆ ಮನೆ. ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಆರೂಕಾಲರಿಂದ ಎಂಟೂಕಾಲು ಓದು, ಊಟ, ಮತ್ತೆ ಮುಕ್ಕಾಲು ಗಂಟೆ. ಹತ್ತಕ್ಕೆ ನಿದ್ದೆ, ಆರೂಕಾಲಿಗೆ ಎದ್ದೇಳು. ಎಂಟೂಕಾಲು ಗಂಟೆ ಸಿಕ್ಕಿತು. ಸಂಜೆ ಮೇಲೆ ಕಾಫಿ ಬೇಡ ಅಂದೆ, ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆ ಕಳೆದರೂ ಮೈಯಲ್ಲಿರುತ್ತೆ. ಓದಿನ ಗಂಟೆ ಕಡಿಮೆ ಆಯ್ತು ನಿಜ. ಕಡಿಮೆಯಾದದ್ದು ಹೆಚ್ಚಾಗಿ ತೂಕಡಿಸುತ್ತಾ ಓದ್ತಿದ್ದ ಗಂಟೆಗಳು.

ಪರೀಕ್ಷೆ ಮುಗಿದ ಮೇಲೆ ಅಭ್ಯಾಸವನ್ನು ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿದ್ವಿ. ಪರೀಕ್ಷೆ ಮುಗಿದ ಮರುದಿನವೇ ಎರಡು ತಾಸು ಹಾರಿಸಿದ್ದರೆ ನೋವು ಮರಳಿ ಬರ್ತಿತ್ತು.

ನಿಮ್ಮ ಮನೆಯಲ್ಲಿ ಆಡುವ ಮಗು ಇದ್ದರೆ ಒಂದು ವಾರ ಬರೆದಿಡಿ: ನಿದ್ದೆ ಹತ್ತಿದ ಹೊತ್ತು, ಎದ್ದ ಹೊತ್ತು. ಭಾನುವಾರ ಎರಡು ಗಂಟೆ ಹೆಚ್ಚು ಮಲಗ್ತಾ ಇದ್ದರೆ, ಬಸ್ಸಲ್ಲಿ ಕೂತ ಕೂಡಲೇ ತಲೆ ವಾಲ್ತಾ ಇದ್ದರೆ, ಸಾಲ ಬೆಳೀತಿದೆ ಅಂತಲೇ ಅರ್ಥ. ಮೊದಲು ಅಲಾರಾಂ ಮುಂದಕ್ಕೆ ಸರಿಸಿ. ಮತ್ತೆ ಸಿಗೋಣ.