ಸೋಫಾದ ಬೆಕ್ಕಿನ ವಾಸನೆ: ಬೇರು ಸ್ಪಂಜಿನಲ್ಲಿದೆ

ಬೆಕ್ಕು ಸೋಫಾದ ಮೇಲೆ ಉಚ್ಚೆ ಹೊಯ್ದಾಗ ಬಟ್ಟೆಯ ಮೇಲೆ ಕಾಣುವ ಕಲೆ ಅಂಗೈಯಷ್ಟಿರಬಹುದು. ಒಳಗಿನ ಸ್ಪಂಜಿನಲ್ಲಿ ಅದು ಇನ್ನೂ ಅಗಲಕ್ಕೆ ಹರಡಿರುತ್ತದೆ. ಸೋಪುನೀರಿನಲ್ಲಿ ಒರೆಸಿದರೆ ನೀರಿನಲ್ಲಿ ಕರಗುವ ಅಂಶಗಳು ಹೋಗುತ್ತವೆ. ಆದರೆ ಯೂರಿಕ್ ಆಮ್ಲದ ಹರಳುಗಳು ನೀರಿಗೆ ಸುಲಭವಾಗಿ ಕರಗುವುದಿಲ್ಲ. ಬೇಸಿಗೆಯಲ್ಲಿ ಹೋಯಿತೆಂದುಕೊಂಡ ವಾಸನೆ ಮಳೆಗಾಲದ ತೇವಕ್ಕೆ ಮತ್ತೆ ಏಳುವುದು ಇದರಿಂದಲೇ. ಮೇಲೆ ರೂಮ್ ಫ್ರೆಶ್‌ನರ್ ಹೊಡೆದರೆ ನಮ್ಮ ಮೂಗಿಗಷ್ಟೇ ಮೋಸ. ಬೆಕ್ಕು ಹಳೆಯ ಜಾಗವನ್ನು ಗುರುತಿಸಿ ಮತ್ತೆ ಅಲ್ಲಿಗೇ ಬರುತ್ತದೆ.

ಹಸಿಯಿದ್ದಾಗಲೇ ಹಳೆಯ ಟವೆಲ್ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ತಣ್ಣೀರು ಹಾಕಿ ಮತ್ತೆ ಒತ್ತಿ ತೆಗೆಯಿರಿ. ನಂತರ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ ಬೇಕು. ಮೊದಲು ಮರೆಯಲ್ಲಿರುವ ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ನೋಡಿ. ಬಹಳ ಜನ ಎಡವುವುದು ಮುಂದಿನ ಹಂತದಲ್ಲಿ: ಮೇಲಷ್ಟೇ ಚಿಮುಕಿಸುತ್ತಾರೆ. ಉಚ್ಚೆ ಇಳಿದಷ್ಟೇ ಆಳಕ್ಕೆ, ಕಲೆಯ ಅಂಚಿನಾಚೆಗೂ ಅದು ಇಳಿಯಬೇಕು, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ತೇವವಾಗಿಯೇ ಇರಬೇಕು. ಬೇಗ ಒಣಗಿದರೆ ಎನ್‌ಜೈಮಿನ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಬ್ಲೀಚ್ ಹಾಕಲೇಬೇಡಿ, ಉಚ್ಚೆಯ ಅಮೋನಿಯಾ ಜೊತೆ ಸೇರಿ ವಿಷಾನಿಲ ಬರಬಹುದು. ಫಿನಾಯಿಲ್ ಬೆಕ್ಕಿಗೆ ಅಪಾಯಕಾರಿ.

ಕುಶನ್ ಪೂರ್ತಿ ಒಣಗಿದ ಮೇಲೆ, ಫ್ಯಾನ್ ಆರಿಸಿ, ಹತ್ತಿರದಿಂದ ಮೂಸಿ ನೋಡಿ. ಇನ್ನೂ ವಾಸನೆಯಿದ್ದರೆ ಮತ್ತೊಮ್ಮೆ ಮಾಡಿ. ಸ್ಪಂಜಿನ ತಳದವರೆಗೂ ಹಲವು ಸಲ ನೆನೆದಿದ್ದರೆ ಸ್ಪಂಜನ್ನೇ ಬದಲಿಸುವುದು ಮೇಲು. ಬೆಕ್ಕು ಪದೇ ಪದೇ ಅಲ್ಲೇ ಹೊಯ್ಯುತ್ತಿದ್ದರೆ ಮೂತ್ರಕೋಶದ ತೊಂದರೆಯಿರಬಹುದು, ಪಶುವೈದ್ಯರಿಗೆ ತೋರಿಸಿ. ಗಂಡುಬೆಕ್ಕು ತಿಣುಕಿದರೂ ಉಚ್ಚೆ ಬಾರದಿದ್ದರೆ ಆ ಕ್ಷಣವೇ ಕರೆದೊಯ್ಯಿರಿ.