ರಕ್ತದಲ್ಲಿ ನೆರೆ, ವೃಷಣದಲ್ಲಿ ಬರ

ವೈದ್ಯಕೀಯ ಸ್ನಾತಕೋತ್ತರ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಕಾಣುವ ಪ್ರಶ್ನೆ ಒಂದಿದೆ: ವೀರ್ಯಾಣು ಹುಟ್ಟುವ ಹಂತಗಳನ್ನು ವಿವರಿಸಿ, ಹೈಪೋಥಲಾಮಸ್, ಪಿಟ್ಯುಟರಿ, ವೃಷಣ ಈ ಮೂರರ ನಡುವಿನ ಹಾರ್ಮೋನ್ ಫೀಡ್‌ಬ್ಯಾಕನ್ನು ಚಿತ್ರ ಸಮೇತ ಬರೆಯಿರಿ. ವಿದ್ಯಾರ್ಥಿಗಳು ಒಂದರ ಕೆಳಗೊಂದು ಮೂರು ಚೌಕ ಹಾಕುತ್ತಾರೆ, ಕೆಳಮುಖ ಬಾಣಕ್ಕೆ ಪ್ಲಸ್, ಮೇಲ್ಮುಖ ಬಾಣಕ್ಕೆ ಮೈನಸ್ ಬರೆಯುತ್ತಾರೆ. ಚಿತ್ರ ಬಾಯಿಪಾಠವೋ, ತಲೆಗೆ ಹೋಗಿದೆಯೋ ಎಂದು ತಿಳಿಯಬೇಕಾದರೆ ವೈವಾದಲ್ಲಿ ಒಂದೇ ಪ್ರಶ್ನೆ ಸಾಕು. ಆರೋಗ್ಯವಂತ ಗಂಡಸಿಗೆ ವಾರಕ್ಕೊಂದು ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಕೊಟ್ಟರೆ ಅವನ ವೀರ್ಯಾಣು ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?

ಅದು ಗಂಡಸುತನದ ಹಾರ್ಮೋನ್ ಅಲ್ಲವೇ, ಹೆಚ್ಚಲೇಬೇಕು ಎನಿಸುವುದು ಸಹಜ. ಜಿಮ್‌ಗಳಲ್ಲಿ ಅದನ್ನು ಚುಚ್ಚಿಸಿಕೊಳ್ಳುವ ಎಷ್ಟೋ ಹುಡುಗರ ಎಣಿಕೆಯೂ ಅದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಇದೇ ಟೆಸ್ಟೊಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿ ಬಳಸಬಹುದೇ ಎಂದು ಏಳು ದೇಶಗಳಲ್ಲಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 271 ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟರು. 157 ಮಂದಿಯ ವೀರ್ಯದಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಯಿತು. ಆ ದಂಪತಿಗಳು ಬೇರೆ ಯಾವ ಗರ್ಭನಿರೋಧಕವನ್ನೂ ಬಳಸದೆ ಒಂದು ವರ್ಷದವರೆಗೆ ಇದನ್ನೇ ನೆಚ್ಚಿಕೊಂಡಿದ್ದರು. ಅಷ್ಟರಲ್ಲಿ ಗರ್ಭ ನಿಂತದ್ದು ಒಂದೇ ಒಂದು.

ಹೀಗೇಕೆ ಎಂಬುದು ವೃಷಣದ ಒಳಗನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿ ಎರಡು ಕೆಲಸ ಅಕ್ಕಪಕ್ಕದಲ್ಲೇ ನಡೆಯುತ್ತವೆ. ವೃಷಣದ ಬಹುಪಾಲು ಸಣ್ಣ ಸಣ್ಣ ನಳಿಕೆಗಳಿಂದ ತುಂಬಿದೆ. ಬಿಚ್ಚಿ ಸಾಲಾಗಿ ಜೋಡಿಸಿದರೆ ನೂರಾರು ಮೀಟರ್ ಉದ್ದವಾಗುತ್ತವೆ. ವೀರ್ಯಾಣು ತಯಾರಾಗುವುದು ಈ ನಳಿಕೆಗಳ ಗೋಡೆಯಲ್ಲಿ. ನಳಿಕೆಗಳ ನಡುವಣ ಸಂದುಗಳಲ್ಲಿ ಲೇಡಿಗ್ ಕೋಶಗಳಿವೆ, ಟೆಸ್ಟೊಸ್ಟೆರಾನ್ ತಯಾರಾಗುವುದು ಅಲ್ಲಿ. ಅಲ್ಲಿಂದ ನಳಿಕೆಯ ಗೋಡೆಗೆ ಕೂದಲೆಳೆಯಷ್ಟು ದೂರವೂ ಇಲ್ಲ. ಹಾಗಾಗಿ ವೃಷಣದೊಳಗಿನ ಟೆಸ್ಟೊಸ್ಟೆರಾನ್ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಐವತ್ತರಿಂದ ನೂರು ಪಟ್ಟು ಹೆಚ್ಚು. ಸ್ನಾಯು, ಗಡ್ಡ, ಮೂಳೆಗಳಿಗೆ ರಕ್ತದಲ್ಲಿ ಹರಿಯುವಷ್ಟು ಸಾಕಾಗುತ್ತದೆ. ವೀರ್ಯಾಣುವಿನ ಕೆಲಸ ಅಷ್ಟರಲ್ಲಿ ನಡೆಯುವುದಿಲ್ಲ.

ಆ ಕೆಲಸವಾದರೂ ನಿಧಾನದ್ದು. ನಳಿಕೆಯ ಗೋಡೆಯ ಬುಡದಲ್ಲಿರುವ ಮೂಲಕೋಶ ವಿಭಜನೆಯಾಗುತ್ತ ಒಂದು ಪಾಲನ್ನು ತನ್ನಂತೆಯೇ ಉಳಿಸಿಕೊಂಡು, ಇನ್ನೊಂದು ಪಾಲನ್ನು ಒಳಗೆ ಕಳಿಸುತ್ತದೆ. ಒಳಗೆ ಹೋದ ಕೋಶ ದೊಡ್ಡದಾಗಿ ಎರಡು ಸಲ ವಿಶೇಷ ರೀತಿಯಲ್ಲಿ ವಿಭಜನೆಗೊಳ್ಳುತ್ತದೆ. ಈ ವಿಭಜನೆಯಲ್ಲೇ 46 ಕ್ರೋಮೋಸೋಮುಗಳು 23ಕ್ಕೆ ಇಳಿಯುವುದು. ಒಂದು ಕೋಶದಿಂದ ನಾಲ್ಕು ದುಂಡನೆಯ ಕೋಶಗಳಾಗುತ್ತವೆ. ದುಂಡನೆಯದಕ್ಕೆ ಬಾಲ ಬಂದು, ತಲೆ ಬಿಗಿದು, ಬೇಡದ ರಸವೆಲ್ಲ ಉದುರಿ ವೀರ್ಯಾಣುವಿನ ರೂಪ ಬರುತ್ತದೆ. ಮೊದಲಿಂದ ಕೊನೆಯವರೆಗೆ ಸುಮಾರು 74 ದಿನ. ಅದಾದ ಮೇಲೆ ವೃಷಣದ ಹಿಂಬದಿಯ ಎಪಿಡಿಡಿಮಿಸ್ ಎಂಬ ಸುರುಳಿನಾಳದಲ್ಲಿ ಸಾಗಿ ಈಜುವ ಶಕ್ತಿ ಪಡೆಯಲು ಇನ್ನೂ ಒಂದೆರಡು ವಾರ. ಇವತ್ತಿನ ವೀರ್ಯ ಪರೀಕ್ಷೆ ಹೇಳುವುದು ಎರಡೂವರೆ, ಮೂರು ತಿಂಗಳ ಹಿಂದೆ ಶುರುವಾದ ಕೆಲಸದ ಕಥೆ. ಜೋರು ಜ್ವರ ಬಂದುಹೋದವರ ಕೌಂಟ್ ತಿಂಗಳೆರಡು ತಿಂಗಳ ಬಳಿಕ ಕುಸಿದು, ಮತ್ತೆ ತಾನಾಗಿ ಏರುವುದು ಇದೇ ಕಾರಣಕ್ಕೆ. ಒಂದೇ ವರದಿ ನೋಡಿ ತೀರ್ಪು ಕೊಡಬಾರದು ಎನ್ನುವುದೂ ಇದಕ್ಕೇ.

ಈ ಕೋಶಗಳನ್ನೆಲ್ಲ ಬುಡದಿಂದ ತುದಿಯವರೆಗೆ ಅಪ್ಪಿ ಹಿಡಿದು ಸಾಕುವುದು ಸೆರ್ಟೋಲಿ ಕೋಶ. ಪರೀಕ್ಷೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುವ ಅಂಶವೂ ಇಲ್ಲೇ ಇದೆ. ಬೆಳೆಯುತ್ತಿರುವ ವೀರ್ಯಾಣು ಕೋಶಕ್ಕೆ ಟೆಸ್ಟೊಸ್ಟೆರಾನ್ ನೇರವಾಗಿ ಏನನ್ನೂ ಹೇಳುವುದಿಲ್ಲ. ಹಾರ್ಮೋನಿನ ಮಾತು ಕೇಳಿಸಿಕೊಳ್ಳುವ ಗ್ರಾಹಕ ಇರುವುದು ಸೆರ್ಟೋಲಿ ಕೋಶದಲ್ಲಿ. ಅದು ಕೇಳಿಸಿಕೊಂಡು ತನ್ನ ಮಡಿಲ ಕೋಶಗಳಿಗೆ ಬೇಕಾದ್ದನ್ನು ಒದಗಿಸುತ್ತದೆ. ಟೆಸ್ಟೊಸ್ಟೆರಾನ್ ಸಾಲದೆ ಹೋದರೆ ವಿಭಜನೆ ನಡುವೆಯೇ ನಿಲ್ಲುತ್ತದೆ, ದುಂಡು ಕೋಶಗಳು ಹಿಡಿತ ತಪ್ಪಿ ಉದುರುತ್ತವೆ, ತಯಾರಾದ ವೀರ್ಯಾಣುವೂ ಗೋಡೆ ಬಿಟ್ಟು ಹೊರಡುವುದಿಲ್ಲ.

ಇನ್ನು ಮೇಲಿನ ಎರಡು ಚೌಕಗಳು. ಮೆದುಳಿನ ತಳದ ಹೈಪೋಥಲಾಮಸ್ ಹತ್ತು ಅಮೈನೋ ಆಮ್ಲಗಳ ಚಿಕ್ಕ ಹಾರ್ಮೋನೊಂದನ್ನು, ಜಿಎನ್‌ಆರ್‌ಎಚ್ ಎಂಬುದನ್ನು, ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಮಿಡಿತದಂತೆ ಬಿಡುತ್ತದೆ. ಇದನ್ನು ಬೇರ್ಪಡಿಸಿ ರಚನೆ ಕಂಡುಹಿಡಿದ ಸ್ಯಾಲಿ ಮತ್ತು ಗಿಲ್ಲೆಮಿನ್ 1977ರ ನೊಬೆಲ್ ಹಂಚಿಕೊಂಡವರು. ಮಿಡಿತವಾಗಿಯೇ ಬರಬೇಕು ಎಂಬುದು ಮುಖ್ಯ. ಬಿಡುವಿಲ್ಲದೆ ಒಂದೇ ಸಮ ಕೊಟ್ಟರೆ ಪಿಟ್ಯುಟರಿ ಕಿವುಡಾಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ವೃಷಣದ ಕೆಲಸ ನಿಲ್ಲಿಸಲು ಕೊಡುವ ಇಂಜೆಕ್ಷನ್ನಿನ ಗುಟ್ಟು ಇದೇ. ಮಿಡಿತ ಸರಿಯಾಗಿ ಬಂದರೆ ಪಿಟ್ಯುಟರಿ ಎರಡು ಹಾರ್ಮೋನ್ ಹೊರಡಿಸುತ್ತದೆ. ಎಲ್‌ಎಚ್ ಹೋಗಿ ಲೇಡಿಗ್ ಕೋಶದಿಂದ ಟೆಸ್ಟೊಸ್ಟೆರಾನ್ ತಯಾರು ಮಾಡಿಸುತ್ತದೆ. ಎಫ್‌ಎಸ್‌ಎಚ್ ನೇರ ಸೆರ್ಟೋಲಿ ಕೋಶಕ್ಕೆ ಹೋಗುತ್ತದೆ.

ವರದಿ ಒಪ್ಪಿಸಲು ಎರಡು ದಾರಿಗಳಿವೆ. ಟೆಸ್ಟೊಸ್ಟೆರಾನ್, ಮತ್ತು ಅದರಿಂದಲೇ ಹುಟ್ಟುವ ಈಸ್ಟ್ರೊಜನ್, ರಕ್ತದಲ್ಲಿ ಮೇಲಕ್ಕೆ ಹೋಗಿ ಹೈಪೋಥಲಾಮಸ್ ಪಿಟ್ಯುಟರಿಗಳೆರಡಕ್ಕೂ ‘ಸಾಕು’ ಎನ್ನುತ್ತವೆ. ಸೆರ್ಟೋಲಿ ಕೋಶ ಇನ್ಹಿಬಿನ್ ಬಿ ಎಂಬುದನ್ನು ಕಳಿಸಿ, ಪಿಟ್ಯುಟರಿಯ ಎಫ್‌ಎಸ್‌ಎಚ್ ಒಂದನ್ನಷ್ಟೇ ತಗ್ಗಿಸುತ್ತದೆ. ನಳಿಕೆಗಳು ಚೆನ್ನಾಗಿ ದುಡಿಯುತ್ತಿದ್ದರೆ ಇನ್ಹಿಬಿನ್ ಹೆಚ್ಚು, ಎಫ್‌ಎಸ್‌ಎಚ್ ಹದವಾಗಿರುತ್ತದೆ. ನಳಿಕೆಗಳು ಹಾಳಾದರೆ ಇನ್ಹಿಬಿನ್ ಇಳಿದು ಎಫ್‌ಎಸ್‌ಎಚ್ ಗಗನಕ್ಕೇರುತ್ತದೆ.

ಎರಡು ದಾರಿಗಳು ನಿಜಕ್ಕೂ ಬೇರೆಯೇ ಎಂದು ತೋರಿಸಿದ ಕೆಲಸ ಬೆಂಗಳೂರಿನಲ್ಲೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಸಂಗಡಿಗರು ನಮ್ಮ ದೇವಸ್ಥಾನಗಳ ಸುತ್ತ ಕಾಣುವ ಕೋತಿಯ ಜಾತಿಗೇ ಕುರಿಯ ಎಫ್‌ಎಸ್‌ಎಚ್ ಲಸಿಕೆ ಹಾಕಿದರು. ಕೋತಿಯ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಿ ತನ್ನ ಎಫ್‌ಎಸ್‌ಎಚ್ಚನ್ನೂ ಕಟ್ಟಿಹಾಕಿತು. ವೀರ್ಯಾಣು ಕುಸಿಯಿತು, ಟೆಸ್ಟೊಸ್ಟೆರಾನ್ ಮಾತ್ರ ಕದಲಲಿಲ್ಲ. ಗಂಡಸರಿಗೆ ಒಂದು ಗರ್ಭನಿರೋಧಕ ಸಿಕ್ಕೀತೆಂಬ ಆಸೆ ಅಲ್ಲಿತ್ತು. ಆದರೆ 1997ರಲ್ಲಿ ಫಿನ್‌ಲೆಂಡಿನಿಂದ ಬಂದ ವರದಿ ಆಸೆಗೆ ತಣ್ಣೀರೆರಚಿತು. ಎಫ್‌ಎಸ್‌ಎಚ್ ಗ್ರಾಹಕವೇ ಹುಟ್ಟಿನಿಂದ ಕೆಟ್ಟಿದ್ದ ಐವರು ಗಂಡಸರಲ್ಲಿ ವೀರ್ಯಾಣು ಕಡಿಮೆಯಿದ್ದರೂ ಯಾರಲ್ಲೂ ಪೂರ್ತಿ ಸೊನ್ನೆಯಾಗಿರಲಿಲ್ಲ, ಇಬ್ಬರು ತಂದೆಯೂ ಆಗಿದ್ದರು. ಎಫ್‌ಎಸ್‌ಎಚ್ ಇಲ್ಲದಿದ್ದರೆ ಬೆಳೆ ಕಡಿಮೆ, ವೃಷಣದೊಳಗಿನ ಟೆಸ್ಟೊಸ್ಟೆರಾನ್ ಇಲ್ಲದಿದ್ದರೆ ಬೆಳೆಯೇ ಇಲ್ಲ ಎನ್ನುವುದು ನನಗೆ ನ್ಯಾಯವಾಗಿ ಕಾಣುವ ಲೆಕ್ಕ.

ಈಗ ಒಂದು ವರದಿ ಓದೋಣ. 29ರ ಯುವಕ, ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ ಎಂದು ವೈದ್ಯರ ಬಳಿ ಬಂದಿದ್ದಾನೆ ಎಂದು ಇಟ್ಟುಕೊಳ್ಳಿ. ತೋಳು, ಎದೆ ಕಟ್ಟುಮಸ್ತು. ವೀರ್ಯದಲ್ಲಿ ಮಿಲಿಲೀಟರಿಗೆ ಕನಿಷ್ಠ 1.6 ಕೋಟಿ ವೀರ್ಯಾಣು ಇರಬೇಕಾದಲ್ಲಿ ಇವನದು ಎರಡು ಸಲದ ಪರೀಕ್ಷೆಯಲ್ಲೂ ಸೊನ್ನೆ. ವೈದ್ಯರ ಮೇಜಿನ ಮೇಲೆ ಬೇರೆ ಬೇರೆ ಗಾತ್ರದ ಹನ್ನೆರಡು ಮೊಟ್ಟೆಯಾಕಾರದ ಮಣಿಗಳನ್ನು ಪೋಣಿಸಿದ ಸರವೊಂದಿದೆ. ಮಣಿಗಳ ಮೇಲೆ 1ರಿಂದ 25ರವರೆಗೆ ಮಿಲಿಲೀಟರ್ ಅಂಕಿಗಳು. ಒಂದು ಕೈಯಲ್ಲಿ ಮಣಿ, ಇನ್ನೊಂದರಲ್ಲಿ ವೃಷಣ ಹಿಡಿದು ಹೋಲಿಸಿ ನೋಡಿದರೆ 10ರ ಮಣಿಗೆ ಸರಿಹೋಗುತ್ತದೆ. ವಯಸ್ಕನಲ್ಲಿ 15 ಅಥವಾ ಹೆಚ್ಚು ಇರಬೇಕು. ನಳಿಕೆಗಳು ಖಾಲಿಯಾದಾಗ ವೃಷಣ ಕುಗ್ಗಿ ಮೆತ್ತಗಾಗುತ್ತದೆ.

ಹಾರ್ಮೋನ್ ವರದಿ ಬಂದಿದೆ: ಟೆಸ್ಟೊಸ್ಟೆರಾನ್ 1400 (300ರಿಂದ 1000 ಸಾಮಾನ್ಯ), ಎಲ್‌ಎಚ್ 0.1, ಎಫ್‌ಎಸ್‌ಎಚ್ 0.2. ಇಲ್ಲಿ ಚಿತ್ರದ ಬಾಣಗಳು ಮಾತಾಡುತ್ತವೆ. ವೃಷಣವೇ ಕೆಟ್ಟಿದ್ದರೆ ಎಫ್‌ಎಸ್‌ಎಚ್ 20, 30ಕ್ಕೆ ಏರಬೇಕಿತ್ತು. ವೀರ್ಯಾಣು ಹೊರಬರುವ ನಾಳ ಮುಚ್ಚಿದ್ದರೆ ಹಾರ್ಮೋನುಗಳೂ ವೃಷಣದ ಗಾತ್ರವೂ ಸರಿಯಾಗಿಯೇ ಇರಬೇಕಿತ್ತು. ಎಲ್‌ಎಚ್ ಇಲ್ಲದೆ ವೃಷಣ ಟೆಸ್ಟೊಸ್ಟೆರಾನ್ ಮಾಡಲಾರದು, ಆದರೂ 1400 ಇದೆ. ಹಾಗಾದರೆ ಅದು ಹೊರಗಿನಿಂದ ಬಂದದ್ದು. ಹೊರಗಿನ ಔಷಧಿ ರಕ್ತದಲ್ಲಿ ತುಂಬಿದಂತೆ ಮೇಲಿನವರು ‘ಸಾಕು’ ಎಂಬ ಮಾತು ಕೇಳಿ ಎಲ್‌ಎಚ್ ನಿಲ್ಲಿಸಿದರು, ಲೇಡಿಗ್ ಕೋಶ ಸುಮ್ಮನಾಯಿತು, ವೃಷಣದೊಳಗಿನ ಮಟ್ಟ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಇಳಿಯಿತು. ರಕ್ತದ 1400 ಆ ಕೊರತೆ ತುಂಬಲಾರದು.

ಎಲ್ಲರಲ್ಲೂ ಲೆಕ್ಕ ಇಷ್ಟು ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ನ್ಯಾಂಡ್ರೊಲೋನ್‌ನಂತಹ ಸ್ಟೀರಾಯ್ಡ್ ತೆಗೆದುಕೊಂಡವನಲ್ಲಿ ಲ್ಯಾಬಿನ ಟೆಸ್ಟೊಸ್ಟೆರಾನ್ ಪರೀಕ್ಷೆ ಅದನ್ನು ಸರಿಯಾಗಿ ಗುರುತಿಸುವುದಿಲ್ಲ. ಆಗ ಟೆಸ್ಟೊಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್ ಮೂರೂ ಪಾತಾಳದಲ್ಲಿ ಕಾಣಿಸಿ ಪಿಟ್ಯುಟರಿಯ ಗಡ್ಡೆಯೇನೋ ಎಂದು ಎಂಆರ್‌ಐ ಬರೆಯುವಂತಾಗುತ್ತದೆ. ಹೆಂಡತಿಯನ್ನು ಹೊರಗೆ ಕೂರಿಸಿ, ‘ಜಿಮ್‌ನಲ್ಲಿ ಏನಾದರೂ ತಗೋತೀಯೇನಪ್ಪಾ?’ ಎಂದು ಮೆಲ್ಲಗೆ ಕೇಳುವುದು ಎಂಆರ್‌ಐಗಿಂತ ಅಗ್ಗ, ಎಷ್ಟೋ ಸಲ ಹೆಚ್ಚು ಉಪಯುಕ್ತ.

ಚಿಕಿತ್ಸೆಯ ಮೊದಲ ಹೆಜ್ಜೆ ಇಂಜೆಕ್ಷನ್ ನಿಲ್ಲಿಸುವುದು. ಹಾಗೆಂದು ಮರುವಾರವೇ ಎಲ್ಲ ಸರಿಹೋಗುವುದಿಲ್ಲ. ಔಷಧಿ ರಕ್ತದಿಂದ ಇಳಿಯಬೇಕು, ಮಲಗಿದ ಹೈಪೋಥಲಾಮಸ್ ಎದ್ದು ಮಿಡಿತ ಶುರುಮಾಡಬೇಕು, ಆಮೇಲೆ 74 ದಿನದ ಕೆಲಸ. ನಡುವಿನ ತಿಂಗಳುಗಳಲ್ಲಿ ಟೆಸ್ಟೊಸ್ಟೆರಾನ್ ತಳ ಮುಟ್ಟಿ ಸುಸ್ತು, ನಿರಾಸಕ್ತಿ, ಬೇಸರ ಕವಿಯುತ್ತವೆ. ಬಹಳಷ್ಟು ಜನ ಮತ್ತೆ ಸೂಜಿ ಹಿಡಿಯುವುದು ಈ ಘಟ್ಟದಲ್ಲೇ. ಬೇಗ ಮಗು ಬೇಕೆನ್ನುವವರಿಗೆ ತಜ್ಞರು ಎಲ್‌ಎಚ್‌ನ ಕೆಲಸವನ್ನೇ ಮಾಡುವ ಎಚ್‌ಸಿಜಿ ಕೊಟ್ಟು ಲೇಡಿಗ್ ಕೋಶವನ್ನು ನೇರವಾಗಿ ಎಬ್ಬಿಸುತ್ತಾರೆ. ಇಲ್ಲವೇ ಕ್ಲೊಮಿಫೀನ್ ಕೊಟ್ಟು, ಈಸ್ಟ್ರೊಜನ್ನಿನ ‘ಸಾಕು’ ಹೈಪೋಥಲಾಮಸ್ಸಿಗೆ ಕೇಳಿಸದಂತೆ ಮಾಡುತ್ತಾರೆ. ಗರ್ಭನಿರೋಧಕ ಪ್ರಯೋಗಗಳಲ್ಲಿದ್ದ ಗಂಡಸರ ಅಂಕಿಗಳನ್ನು ಒಟ್ಟುಮಾಡಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಅಂದಾಜಿನಂತೆ, ಔಷಧಿ ನಿಲ್ಲಿಸಿದ ಆರು ತಿಂಗಳಲ್ಲಿ ಮೂರರಲ್ಲಿ ಎರಡು ಪಾಲು ಜನರ ಕೌಂಟ್ ಮಿಲಿಲೀಟರಿಗೆ ಎರಡು ಕೋಟಿ ದಾಟಿತು, ಒಂದು ವರ್ಷದಲ್ಲಿ ನೂರಕ್ಕೆ ತೊಂಬತ್ತು ಜನರದ್ದು, ಎರಡು ವರ್ಷದೊಳಗೆ ಎಲ್ಲರದ್ದೂ. ಆದರೆ ಅವರೆಲ್ಲ ಅಳೆದ ಡೋಸು, ಗೊತ್ತಿರುವ ಔಷಧಿ ಪಡೆದವರು. ನಾಲ್ಕೈದು ವರ್ಷ ಸ್ನೇಹಿತನ ಬ್ಯಾಗಿನಿಂದ ಬಂದ, ಲೇಬಲ್ಲಿನಲ್ಲಿ ಒಂದು ಬಾಟಲಿಯಲ್ಲಿ ಇನ್ನೊಂದು ಇರಬಹುದಾದ ಔಷಧಿ ಚುಚ್ಚಿಕೊಂಡವರಿಗೆ ಆ ಅಂಕಿಗಳ ಭರವಸೆ ಕೊಡಲಾಗುವುದಿಲ್ಲ. ಅಂಥವರಿಗೆ ಮೂರು ತಿಂಗಳಿಗೊಮ್ಮೆ ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೊಸ್ಟೆರಾನ್ ಮಾಡಿಸಿ ನೋಡುತ್ತಿರುವುದೊಂದೇ ದಾರಿ. ಮೊದಲು ಏರಬೇಕಾದ್ದು ಎಲ್‌ಎಚ್. ಅದು ಏರದೆ ವೀರ್ಯ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿದರೆ ಲ್ಯಾಬಿನವರಿಗೆ ಲಾಭ, ಅಷ್ಟೆ.